ಒಂದು ಮಂಡಿ, ಆರು ವಾರ: ಡಾಕ್ಟರ್ ಮಾತನ್ನು ಮನೆಯ ಪಟ್ಟಿ ಮಾಡಿದ ಬಗೆ

ರೋಗಿಗೆ 66 ವರ್ಷ. ಮನೆ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಬಲ ಮಂಡಿ ಸವೆದು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಮಂಗಳವಾರ ಮಂಡಿ ಬದಲಿಸುವ ಆಪರೇಷನ್ ಆಯಿತು, ಶನಿವಾರ ಮನೆಗೆ ಕಳಿಸಿದರು. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಮನೆಯಲ್ಲಿ ಮಗ, ಸೊಸೆ, ಓದುವ ಮೊಮ್ಮಗ. ನೋಡಿಕೊಳ್ಳುವ ಕೆಲಸ ಹೆಚ್ಚುಕಮ್ಮಿ ಸೊಸೆಯದೇ. ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು. ಭಾನುವಾರ ಅವರ ಮನೆಗೆ ಹೋದೆ. ಹೆಸರು ಬೇಡ, ಇಲ್ಲಿ ಅವರನ್ನು ಅಮ್ಮ ಅಂತಲೇ ಬರೆಯುತ್ತೇನೆ.

ಸೊಸೆ ಒಂದು ಫೈಲ್ ಕೈಗಿಟ್ಟರು. "ಇದರಲ್ಲಿ ಎಲ್ಲಾ ಇದೆ ಮೇಡಂ. ಆದರೆ ಇವತ್ತು ಏನು ಮಾಡಬೇಕು ಅಂತ ಮಾತ್ರ ಗೊತ್ತಾಗ್ತಿಲ್ಲ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಫೈಲ್‌ನಲ್ಲಿ ಡಿಸ್ಚಾರ್ಜ್ ಸಮ್ಮರಿ ಇತ್ತು. ಆಸ್ಪತ್ರೆಯ ಫಿಸಿಯೋ ಕೊಟ್ಟ, ಚಿತ್ರಗಳಿರುವ ಒಂದು ಜೆರಾಕ್ಸ್ ಹಾಳೆ ಇತ್ತು. ಕೊನೆಯ ರೌಂಡ್ಸ್‌ನಲ್ಲಿ ಸರ್ಜನ್ ಹೇಳಿದ್ದನ್ನು ಮಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ನರ್ಸ್ ಬಾಯಲ್ಲಿ ಹೇಳಿದ್ದು ಸೊಸೆಯ ನೆನಪಿನಲ್ಲಿತ್ತು. ಇದರ ಮೇಲೆ ನೋಡಲು ಬಂದ ನೆಂಟರ ಸಲಹೆಗಳು ಬೇರೆ.

ರೆಕಾರ್ಡಿಂಗ್ ಕೇಳಿದೆ. ಸರ್ಜನ್ ತಪ್ಪೇನೂ ಹೇಳಿರಲಿಲ್ಲ, ಬಿಟ್ಟದ್ದೂ ಕಡಿಮೆ. ಒಂದೇ ಉಸಿರಿನಲ್ಲಿ "ಚೆನ್ನಾಗಿ ಬಗ್ಗಿಸಿ, ಗಾಯ ಒದ್ದೆ ಆಗಬಾರದು, ಎರಡು ವಾರ ಬಿಟ್ಟು ಪಿನ್ ತೆಗೆಯೋಣ, ಜ್ವರ ಬಂದರೆ ಹೇಳಿ, ವಾಕರ್ ಬಿಡಬೇಡಿ, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಡಿ" ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗಿದ್ದರು. ಈ ಮಾತುಗಳಲ್ಲಿ ಕೆಲವು ತಾರೀಖಿಗೆ ಕಟ್ಟಿದವು. ಕೆಲವು ಕಾಲಿನ ಶಕ್ತಿಗೆ ಕಟ್ಟಿದವು. ಕೆಲವು ಯಾವ ದಿನ ಯಾವ ಹೊತ್ತಿನಲ್ಲಾದರೂ ಬರಬಹುದಾದವು. ಮೂರನ್ನೂ ಕಲಸಿ "ಮೊದಲ ವಾರ ಇದು, ಎರಡನೇ ವಾರ ಅದು" ಎಂದು ಬರೆದುಬಿಟ್ಟರೆ ಪಟ್ಟಿ ನೋಡಲು ಚೆನ್ನಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಮೊಮ್ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಮೂರು ಭಾಗ ಮಾಡಿದೆವು. ಮೊದಲನೆಯದು "ತಾರೀಖು ನೋಡಿ ಮಾಡುವುದು": ಮಾತ್ರೆ, ಡ್ರೆಸಿಂಗ್, ಗಾಯ ಕೂಡಿಸಲು ಹಾಕಿದ ಪಿನ್ನು, ಆಸ್ಪತ್ರೆಗೆ ಹೋಗುವ ದಿನ. ಎರಡನೆಯದು "ಕಾಲು ನೋಡಿ ಮಾಡುವುದು": ವ್ಯಾಯಾಮ, ವಾಕರ್, ಮೆಟ್ಟಿಲು. ಮೂರನೆಯದು "ಕಂಡ ಕೂಡಲೇ ಮಾಡುವುದು": ಅಪಾಯದ ಗುರುತುಗಳು. ಇದಕ್ಕೆ ವಾರದ ಲೆಕ್ಕವೇ ಇಲ್ಲ. ವಾರದ ಪಟ್ಟಿ ಅಂತ ಗೋಡೆಗೆ ಅಂಟಿಸಿದ್ದು ಮೊದಲ ಎರಡನ್ನು ಮಾತ್ರ. ಮೂರನೆಯದನ್ನು ಬೇರೆ ಕಾಗದದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದೆವು.

ಎಣಿಕೆ ಎಲ್ಲಿಂದ?

ಮೊದಲ ಗೊಂದಲ ಇಲ್ಲೇ ಇತ್ತು. "ಎರಡು ವಾರ" ಎಂದರೆ ಆಪರೇಷನ್ ದಿನದಿಂದಲೋ ಮನೆಗೆ ಬಂದ ದಿನದಿಂದಲೋ? ಮನೆಯವರು ಶನಿವಾರದಿಂದ ಎಣಿಸುತ್ತಿದ್ದರು. ಮಂಡಿ ಆಪರೇಷನ್ನಿನಲ್ಲಿ ಎಲ್ಲಾ ಲೆಕ್ಕವೂ ಕತ್ತರಿಸಿದ ದಿನದಿಂದ. ಆ ದಿನ ಸೊನ್ನೆ. ಅಂದರೆ ಅಮ್ಮನ ವಾರ ಶುರುವಾಗುವುದು ಮಂಗಳವಾರ. ನಾನು ಹೋದ ಭಾನುವಾರ ಐದನೇ ದಿನ. ಪಿನ್ ತೆಗೆಯುವುದು 14ನೇ ದಿನ, ಅದೂ ಮಂಗಳವಾರವೇ. ಕ್ಯಾಲೆಂಡರಿನಲ್ಲಿ ಪ್ರತಿ ಮಂಗಳವಾರಕ್ಕೂ ಗುಂಡು ಹಾಕಿದೆವು.

ಹೀಗೆ ಎಣಿಸಿದಾಗಲೇ ಮಾತ್ರೆಯ ಎಡವಟ್ಟು ಗೊತ್ತಾಗಿದ್ದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಅಪಿಕ್ಸಾಬಾನ್ 2.5 ಮಿ.ಗ್ರಾಂ ಬರೆದಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಆಪರೇಷನ್ ಆದಮೇಲೆ 14 ದಿನ. ಕೈಗೆ ಬಂದದ್ದು ಹತ್ತು ಮಾತ್ರೆಯ ಒಂದು ಸ್ಟ್ರಿಪ್. ಶನಿವಾರ ರಾತ್ರಿಯಿಂದ ತೆಗೆದುಕೊಂಡರೆ ಅದು ಗುರುವಾರ ಬೆಳಿಗ್ಗೆಗೇ ಖಾಲಿ. 14ನೇ ದಿನದ ರಾತ್ರಿವರೆಗೆ ಇನ್ನೂ 11 ಬೇಕು. ಸೊಸೆ "ಸ್ಟ್ರಿಪ್ ಮುಗಿದರೆ ಕೋರ್ಸ್ ಮುಗೀತು ಅಂದುಕೊಂಡಿದ್ದೆ" ಎಂದರು. ಹಾಗೆ ಅಂದುಕೊಳ್ಳುವುದು ಸಹಜವೇ. ಆದರೆ ಈ ಮಾತ್ರೆ ನೋವಿನ ಮಾತ್ರೆಯಂತಲ್ಲ. ನಿಲ್ಲಿಸಿದರೆ ಮೈಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರಬಹುದು. ಬೇರೆ ಸರ್ಜನ್ ಬೇರೆ ಮಾತ್ರೆ ಕೊಡುತ್ತಾರೆ, ಕೆಲವರು ಆಸ್ಪಿರಿನ್ ಬರೆಯುತ್ತಾರೆ, ದಿನಗಳ ಲೆಕ್ಕವೂ ಬೇರೆ ಇರುತ್ತದೆ. ಚೀಟಿಯಲ್ಲಿರುವ ದಿನಗಳನ್ನು ಮಾತ್ರೆಗೆ ಬದಲಾಯಿಸಿ, ಮನೆಯಲ್ಲಿ ಅಷ್ಟು ಇವೆಯಾ ಎಂದು ಎಣಿಸುವುದು ಮಾತ್ರ ಎಲ್ಲರಿಗೂ ಒಂದೇ.

ಇದರ ಜೊತೆಗೇ ಇನ್ನೊಂದು ಸಾಲು ಬರೆದೆವು: ರಕ್ತ ತೆಳು ಮಾಡುವ ಮಾತ್ರೆ ನಡೆಯುವಾಗ ಅಂಗಡಿಯಿಂದ ನೋವಿನ ಮಾತ್ರೆ ತಂದು ಸೇರಿಸಬಾರದು. ಡೈಕ್ಲೋಫೆನಾಕ್‌ನಂಥವು ಹೊಟ್ಟೆಯಲ್ಲಿ ರಕ್ತ ಬರಿಸಬಹುದು, ಕಿಡ್ನಿಗೂ ಭಾರ. ನೋವು ತಡೆಯದಿದ್ದರೆ ಫೋನ್ ಮಾಡಿ ಕೇಳುವುದು.

ಒಂದಕ್ಕೊಂದು ತಾಳೆಯಾಗದ ಮಾತುಗಳು

ಫೈಲ್ ಓದುತ್ತಾ ಹೋದಂತೆ ಮೂರು ಕಡೆ ಸಲಹೆಗಳು ಜಗಳ ಆಡುತ್ತಿದ್ದವು.

ಒಂದು, ದಿಂಬು. ಬಾವು ಇಳಿಯಲು ಕಾಲು ದಿಂಬಿನ ಮೇಲಿಡಿ ಎಂದು ನರ್ಸ್ ಹೇಳಿದ್ದರು. ಮಂಡಿ ಕೆಳಗೆ ದಿಂಬು ಇಡಲೇಬೇಡಿ ಎಂದು ಫಿಸಿಯೋ ಹಾಳೆಯಲ್ಲಿತ್ತು. ನಾನು ಹೋದಾಗ ಅಮ್ಮ ದಪ್ಪನೆಯ ಹತ್ತಿ ದಿಂಬನ್ನು ಸರಿಯಾಗಿ ಮಂಡಿ ಕೆಳಗೇ ಇಟ್ಟುಕೊಂಡು ಮಲಗಿದ್ದರು. "ಹಿಂಗಿಟ್ರೆ ಹಾಯಾಗಿರ್ತದೆ ಕಣಮ್ಮ" ಎಂದರು. ಹಾಯಾಗಿರುವುದು ನಿಜ, ಅದೇ ತೊಂದರೆ. ಅರ್ಧ ಬಗ್ಗಿದ ಮಂಡಿಗೆ ನೋವು ಕಡಿಮೆ. ದಿನಗಟ್ಟಲೆ ಹಾಗೇ ಇಟ್ಟರೆ ಹಿಂಭಾಗದ ಸ್ನಾಯು ಮತ್ತು ಒಳಪೊರೆ ಕುಗ್ಗಿ ಕಾಲು ಪೂರ್ತಿ ನೇರವಾಗುವುದೇ ಇಲ್ಲ. ನೇರವಾಗದ ಕಾಲಿನಲ್ಲಿ ನಡೆದರೆ ಕುಂಟು ಉಳಿಯುತ್ತದೆ. ನಿಜಕ್ಕೆ ಎರಡೂ ಮಾತು ಸರಿ. ದಿಂಬು ಇರಲಿ, ಆದರೆ ಮೀನಖಂಡದ ಕೆಳಭಾಗ ಮತ್ತು ಹಿಮ್ಮಡಿಯ ಕೆಳಗೆ ಇರಲಿ, ಮಂಡಿಯ ಕೆಳಗೆ ಖಾಲಿ. ಕಾಲೂ ಮೇಲಿರುತ್ತದೆ, ಮಂಡಿಯೂ ತನ್ನ ಭಾರಕ್ಕೆ ನೇರವಾಗುತ್ತದೆ.

ಎರಡು, ಸ್ನಾನ. "ಗಾಯ ಒದ್ದೆ ಆಗಬಾರದು" ಅಂತ ಒಬ್ಬರು, "ವಾಟರ್‌ಪ್ರೂಫ್ ಪಟ್ಟಿ, ಪರವಾಗಿಲ್ಲ" ಅಂತ ಇನ್ನೊಬ್ಬರು. ಮಲೆನಾಡಿನ ಬಚ್ಚಲಿನಲ್ಲಿ ಹಂಡೆ ನೀರನ್ನು ಚೆಂಬಿನಿಂದ ಹೊಯ್ದುಕೊಳ್ಳುವ ಸ್ನಾನ, ನೆಲದಲ್ಲಿ ಸದಾ ನೀರು. ಇದನ್ನು ನಾವು ಊಹಿಸುವ ಬದಲು ಕೇಳುವುದು ಎಂದು ಗುರುತು ಮಾಡಿದೆವು.

ಮೂರು, ನೋವು. "ನೋವಾದರೂ ಬಗ್ಗಿಸಿ" ಎಂದಿದ್ದರು ಸರ್ಜನ್. "ನೋವಾದರೆ ನಿಲ್ಲಿಸಿ" ಎಂದಿತ್ತು ಹಾಳೆ. ಇದಕ್ಕೆ ನನ್ನದೇ ಒಂದು ಅಳತೆ ಇದೆ, ಸರ್ಜನ್ನರಿಗೂ ಒಪ್ಪಿಗೆಯಾದದ್ದು. ವ್ಯಾಯಾಮ ಮಾಡುವಾಗ ಎಳೆತ, ಉರಿ, ಬಿಗಿ ಇರಬಹುದು. ಮುಗಿಸಿ ಐಸ್ ಇಟ್ಟ ಮೇಲೆ ಒಂದು ಗಂಟೆಯೊಳಗೆ ಮೊದಲಿನಷ್ಟಕ್ಕೆ ಇಳಿದರೆ ಸರಿಯಾದ ಪ್ರಮಾಣ. ರಾತ್ರಿ ನಿದ್ದೆ ಕೆಡಿಸಿದರೆ, ಅಥವಾ ಮರುದಿನ ಬೆಳಿಗ್ಗೆ ಬಾವು ಹಿಂದಿನ ಬೆಳಿಗ್ಗೆಗಿಂತ ಜಾಸ್ತಿ ಇದ್ದರೆ, ನಿನ್ನೆ ಅತಿಯಾಯಿತು ಅಂತ. ಅಂದು ಅರ್ಧ ಮಾಡುವುದು, ಪೂರ್ತಿ ಬಿಡುವುದಲ್ಲ. ಚುಚ್ಚಿದಂಥ ಹೊಸ ನೋವು ಒಂದೇ ಜಾಗದಲ್ಲಿ ಥಟ್ಟನೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸುವುದು.

ನಮ್ಮಿಂದ ಬಗೆಹರಿಯದ್ದನ್ನು ಸೋಮವಾರ ಸೊಸೆ ಆಸ್ಪತ್ರೆಗೆ ಫೋನ್ ಮಾಡಿ ಒಟ್ಟಿಗೇ ಕೇಳಿದರು. ಎಂಟು ಸಲ ಎಂಟು ಪ್ರಶ್ನೆಗಿಂತ ಒಂದೇ ಸಲ ಬರೆದಿಟ್ಟು ಕೇಳಿದರೆ ಅವರೂ ಸಮಾಧಾನದಿಂದ ಉತ್ತರ ಕೊಡುತ್ತಾರೆ. ಸ್ನಾನದ ಬಗ್ಗೆ ಬಂದ ಉತ್ತರ: ಪಿನ್ ತೆಗೆಯುವವರೆಗೆ ಮೈ ಒರೆಸುವುದು. ತೆಗೆದು ಎರಡು ದಿನ ಗಾಯ ಪೂರ್ತಿ ಒಣಗಿದ್ದರೆ ಚೆಂಬಿನ ಸ್ನಾನ, ಕುರ್ಚಿಯಲ್ಲಿ ಕೂತು. ಟಬ್ಬು, ಕೆರೆ, ಹೊಳೆ ಆರು ವಾರ ಇಲ್ಲ. ಡ್ರೆಸಿಂಗ್ ಮನೆಯಲ್ಲಿ ಬಿಚ್ಚಬಾರದು. ಪಟ್ಟಿಯ ಅಂಚು ಎದ್ದರೆ, ಒಳಗೆ ನೆಂದರೆ ಆಗ ಮಾತ್ರ ಬದಲಾವಣೆ, ಅದೂ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಗ್ಲೌಸ್ ಹಾಕಿಕೊಂಡು.

ಎರಡನೇ ವಾರದ ತನಕ

ಹಾಳೆಯಲ್ಲಿ ಹನ್ನೊಂದು ವ್ಯಾಯಾಮಗಳ ಚಿತ್ರ ಇತ್ತು. ಅಮ್ಮ ಎಲ್ಲವನ್ನೂ ಒಂದೊಂದು ಸಲ ಮಾಡಿ ಸುಸ್ತಾಗಿ ಮಲಗುತ್ತಿದ್ದರು. ನಾನು ಐದಕ್ಕೆ ಇಳಿಸಿದೆ. ಉಳಿದವು ನಿಂತು ಮಾಡುವಂಥವು, ಅವಕ್ಕೆ ಇನ್ನೂ ಕಾಲ ಬಂದಿರಲಿಲ್ಲ.

ಪಾದವನ್ನು ಮುಂದೆ ಹಿಂದೆ ಆಡಿಸುವುದು: ಎಚ್ಚರ ಇರುವಾಗ ಗಂಟೆಗೊಮ್ಮೆ, ಇಪ್ಪತ್ತು ಸಲ. ಇದು ಮಂಡಿಗಲ್ಲ, ಮೀನಖಂಡದ ರಕ್ತ ಓಡಾಡಲಿ ಅಂತ. ತೊಡೆ ಬಿಗಿ ಮಾಡುವುದು: ಕಾಲು ಚಾಚಿ, ಮಂಡಿಯನ್ನು ಹಾಸಿಗೆಗೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಹಿಮ್ಮಡಿ ಜಾರಿಸುವುದು: ಮಲಗಿ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳುವುದು, ಹತ್ತು ಸಲ. ಹತ್ತಿ ಬೆಡ್‌ಶೀಟಿನ ಮೇಲೆ ಹಿಮ್ಮಡಿ ಜಾರುವುದಿಲ್ಲ, ಅಮ್ಮ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಹಿಮ್ಮಡಿ ಕೆಳಗೆ ಹಾಕಿದೆವು, ಸರಾಗವಾಗಿ ಜಾರಿತು. ನೇರ ಕಾಲು ಎತ್ತುವುದು: ಒಂದು ಗೇಣಿನಷ್ಟು, ಮಂಡಿ ಮಡಚದೆ. ಕೊನೆಯದು ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಗಾಳಿಯಲ್ಲಿ ಬಿಟ್ಟು ಐದರಿಂದ ಹತ್ತು ನಿಮಿಷ ಸುಮ್ನೆ ಮಲಗುವುದು. ಕೆಲಸವೇ ಅಲ್ಲದಂತೆ ಕಾಣುತ್ತದೆ. ಅಮ್ಮನಿಗೆ ಅತಿ ಕಷ್ಟವಾಗಿದ್ದು ಇದೇ.

ದಿನಕ್ಕೆ ಮೂರು ಹೊತ್ತು ಸಾಕು. ಹೊತ್ತನ್ನು ಗಡಿಯಾರಕ್ಕಲ್ಲ, ನೋವಿನ ಮಾತ್ರೆಗೆ ಕಟ್ಟಿದೆವು. ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ ವ್ಯಾಯಾಮ, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ. ಐಸ್ ನೇರ ಚರ್ಮಕ್ಕೆ ತಾಗಬಾರದು, ಗಾಯದ ಸುತ್ತ ಸ್ಪರ್ಶ ಮಂಕಾಗಿರುವುದರಿಂದ ಸುಟ್ಟರೂ ತಿಳಿಯುವುದಿಲ್ಲ.

ಮೊದಲ ದಿನ ಅಳೆದಾಗ ಮಂಡಿ ಪೂರ್ತಿ ನೇರವಾಗಲು 10 ಡಿಗ್ರಿ ಬಾಕಿ, ಬಗ್ಗುವುದು 65. ಎರಡನೇ ವಾರದ ಕೊನೆಗೆ ನೇರಕ್ಕೆ ಹತ್ತಿರ, ಬಗ್ಗುವುದು 90ರ ಆಸುಪಾಸು ಎಂಬುದು ಸಾಮಾನ್ಯ ಗುರಿ. ಮನೆಯಲ್ಲಿ ಡಿಗ್ರಿ ಅಳೆಯುವ ಸಾಧನ ಎಲ್ಲಿರುತ್ತದೆ? ಅದಕ್ಕೆ ಎರಡು ಗುರುತು ಇಟ್ಟುಕೊಂಡೆವು. ಮಲಗಿ ಕಾಲು ಚಾಚಿದಾಗ ಮಂಡಿಯ ಹಿಂದೆ ಸೊಸೆಯ ಅಂಗೈ ಎಷ್ಟು ಸಲೀಸಾಗಿ ತೂರುತ್ತದೆ ಅನ್ನುವುದು ಒಂದು. ತೂರುವುದು ಕಷ್ಟವಾದಷ್ಟೂ ಒಳ್ಳೆಯದು. ಕುರ್ಚಿಯಲ್ಲಿ ಕೂತು ಪಾದ ಹಿಂದಕ್ಕೆ ಎಳೆದಾಗ ಹಿಮ್ಮಡಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಇನ್ನೊಂದು. ಹಿಮ್ಮಡಿ ಮಂಡಿಯ ನೇರ ಕೆಳಗೆ ಬಂದರೆ ಸುಮಾರು 90. ಆ ಜಾಗಕ್ಕೆ ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಮೊಮ್ಮಗ ದಿನಾ ಸಂಜೆ ಗುರುತು ಹಾಕುತ್ತಿದ್ದ. ಕುರ್ಚಿ ಅದೇ ಜಾಗದಲ್ಲಿರಬೇಕು, ಅಮ್ಮ ಸೊಂಟ ಎತ್ತಿ ಮೋಸ ಮಾಡಬಾರದು, ಅಷ್ಟೇ.

ನಡಿಗೆ ವಾಕರ್ ಹಿಡಿದು, ಒಳಗೆ ಮಾತ್ರ, ಗಂಟೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಮನೆ ಹಳೆಯದು, ಪ್ರತಿ ಬಾಗಿಲಿಗೂ ಎತ್ತರದ ಹೊಸ್ತಿಲು. ಹೊಸ್ತಿಲು ದಾಟುವ ಬದಲು ಮಂಚವನ್ನೇ ಬಚ್ಚಲಿನ ಪಕ್ಕದ ಕೋಣೆಗೆ ತಂದರು. ಅದು ಮಗನ ಉಪಾಯ, ನನ್ನದಲ್ಲ. ಕೆಳಗೆ ಕೂರುವ ಸಂಡಾಸಿಗೆ ಕಮೋಡ್ ಕುರ್ಚಿ ಬಂತು. ಮಳೆಗಾಲ, ಒಳಗೇ ಬಟ್ಟೆ ಒಣಗಿಸುವ ಮನೆ. ಒದ್ದೆ ನೆಲದ ಮೇಲೆ ವಾಕರ್ ಜಾರದಂತೆ ಅದರ ಕಾಲಿನ ರಬ್ಬರ್ ಬುಶ್ ಸವೆದಿದೆಯಾ ನೋಡಿಕೊಂಡೆವು. ಬಾಡಿಗೆಗೆ ತಂದ ವಾಕರಿನಲ್ಲಿ ಎರಡು ಬುಶ್ ಸವೆದು ಲೋಹ ಕಾಣುತ್ತಿತ್ತು.

ಎಣ್ಣೆ ನೀವುವ ವಿಚಾರಕ್ಕೆ ಸ್ವಲ್ಪ ವಾದವೇ ಆಯಿತು. ಅಮ್ಮನ ಅಕ್ಕ ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು ಬಂದೇ ಬಿಟ್ಟಿದ್ದರು. ಬಾಣಂತಿಗೂ ಬಿದ್ದವರಿಗೂ ನೀವಿದ ಕೈ. ಗಾಯಕ್ಕೆ ಎಣ್ಣೆ, ಅರಿಶಿನ ಬೇಡ ಎಂದರೆ ಬೇಗ ಒಪ್ಪಿದರು. ಮೀನಖಂಡ ನೀವಬಾರದು ಎಂದರೆ ಒಪ್ಪಲಿಲ್ಲ. ಆ ಹೊತ್ತಿನಲ್ಲಿ ಮೀನಖಂಡದ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಒತ್ತಿ ನೀವಿದಾಗ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು ಎಂದು ವಿವರಿಸಿದ ಮೇಲೆ "ಹಂಗಾದ್ರೆ ಎಡಗಾಲಾದ್ರೂ ನೀವ್ತೀನಿ" ಎಂದರು. ಎಡಗಾಲೂ ಸದ್ಯಕ್ಕೆ ಬೇಡ, ಹೆಪ್ಪು ಯಾವ ಕಾಲಿನಲ್ಲಾದರೂ ಆಗಬಹುದು ಎಂದೆ. ಕೊನೆಗೆ ಭುಜಕ್ಕೆ ನೀವಿದರು. ವಾಕರ್ ಹಿಡಿದು ಭುಜ ನೋಯುತ್ತಿತ್ತು, ಅಮ್ಮನಿಗೂ ಖುಷಿ.

14ನೇ ದಿನ ಪಿನ್ ತೆಗೆದರು. ನೇರಕ್ಕೆ 5 ಡಿಗ್ರಿ ಬಾಕಿ, ಬಗ್ಗುವುದು 82. ಗುರಿಗಿಂತ ಸ್ವಲ್ಪ ಹಿಂದೆ. ವಾರದ ಪಟ್ಟಿಯನ್ನೇ ನಂಬಿದ್ದರೆ ಮೂರನೇ ವಾರದ ವ್ಯಾಯಾಮಕ್ಕೆ ಹೋಗಬೇಕಿತ್ತು. ನಾವು ಹೋಗಲಿಲ್ಲ. ಎರಡನೇ ಭಾಗದಲ್ಲಿ ಬರೆದಿದ್ದ ಷರತ್ತು ಹೀಗಿತ್ತು: ಮಂಡಿ ಮಡಚದೆ ಕಾಲನ್ನು ಹತ್ತು ಸಲ ಎತ್ತಿದರೆ, ಕುರ್ಚಿಯಲ್ಲಿ ಹಿಮ್ಮಡಿ ಗೆರೆಗೆ ಬಂದರೆ, ಆಗ ನಿಂತು ಮಾಡುವ ವ್ಯಾಯಾಮ. ಕಾಲು ಎತ್ತುವಾಗ ಅಮ್ಮನ ಮಂಡಿ ಇನ್ನೂ ಕುಸಿಯುತ್ತಿತ್ತು. ತೊಡೆಯ ಸ್ನಾಯು ಎಚ್ಚರಾಗದೆ ನಿಂತು ಕುಕ್ಕರಿಸಲು ಹೋದರೆ ಬೀಳುವುದೇ.

ಮಂಚದ ಪಕ್ಕದ ಕಾಗದ

ಇದನ್ನು ಬರೆಯಲು ಹೆಚ್ಚು ಹೊತ್ತು ಹಿಡಿಯಿತು, ಯಾಕೆಂದರೆ ಸಮ್ಮರಿಯಲ್ಲಿದ್ದದ್ದು ಒಂದೇ ಸಾಲು: ಜ್ವರ, ನೋವು, ಬಾವು, ಕೆಂಪು, ಸೋರಿಕೆ ಇದ್ದರೆ ಬನ್ನಿ. ಆಪರೇಷನ್ ಆದ ಮಂಡಿಗೆ ನೋವು, ಬಾವು, ಸ್ವಲ್ಪ ಬಿಸಿ ಇದ್ದೇ ಇರುತ್ತದೆ ಅಲ್ವಾ? ಹಾಗಾದರೆ ದಿನಾ ಹೋಗಬೇಕು, ಇಲ್ಲವೇ ಎಂದೂ ಹೋಗದೇ ಇರಬೇಕು. 70 ಕಿಲೋಮೀಟರ್ ದಾರಿ. ಮೊದಲು ಹೆದರಬೇಕಿಲ್ಲದ್ದನ್ನೇ ಬರೆದೆವು. ಮೊದಲ ಎರಡು ವಾರ ತೊಡೆಯಿಂದ ಪಾದದವರೆಗೆ ಇಳಿಯುವ ನೀಲಿ ಹಳದಿ ಕಲೆ. ಗಾಯದ ಹೊರಮಗ್ಗುಲಲ್ಲಿ ಮರಗಟ್ಟಿದ ಚರ್ಮ, ಇದು ಸಣ್ಣ ನರ ಕತ್ತರಿಸಿದ್ದರಿಂದ. ನಡೆಯುವಾಗ ಕಟಕ್ ಅನ್ನುವ ಸದ್ದು. ಸಂಜೆಗೆ ಹೆಚ್ಚಾಗಿ ಬೆಳಿಗ್ಗೆಗೆ ಇಳಿಯುವ ಬಾವು. ಮಂಡಿಯ ಬಿಸಿ ತಿಂಗಳುಗಟ್ಟಲೆ ಇರಬಹುದು.

ಆಮೇಲೆ ಅದೇ ದಿನ ಫೋನ್ ಮಾಡಬೇಕಾದವು. ಮನೆಗೆ ಬಂದ ಮೇಲೆ ಗಾಯದಿಂದ ಏನೇ ಸೋರಿದರೂ, ಒಂದು ಹನಿಯಾದರೂ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಚಳಿ ನಡುಕ ಬಂದರೆ. ಗಾಯದ ಸುತ್ತ ಕೆಂಪು ನಿನ್ನೆಗಿಂತ ಅಗಲವಾದರೆ, ಇದಕ್ಕೆ ಬಾಲ್‌ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ನೋಡುವುದು. ಇಳಿಯುತ್ತಿದ್ದ ನೋವು ಕಾರಣವಿಲ್ಲದೆ ಮತ್ತೆ ಏರಿದರೆ. ಮೀನಖಂಡ ಒತ್ತಿದರೆ ನೋವು, ಬಿಗಿ, ರಾತ್ರಿ ಕಳೆದರೂ ಇಳಿಯದ ಬಾವು. ಪಾದ ಮೇಲಕ್ಕೆ ಎತ್ತಲಾಗದಿದ್ದರೆ. ಬಿದ್ದ ಮೇಲೆ ಕಾಲು ನೇರವಾಗಿ ಎತ್ತಲಾಗದಿದ್ದರೆ, ನೋವು ಇರಲಿ ಇಲ್ಲದಿರಲಿ. ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರ ಹರಿದಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು.

ಮೀನಖಂಡಕ್ಕೆ ಟೈಲರ್ ಟೇಪನ್ನೇ ಬಳಸಿದೆವು. ಎರಡೂ ಕಾಲಿನಲ್ಲಿ ಮಂಡಿ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಚುಕ್ಕೆ ಇಟ್ಟು ಸುತ್ತಳತೆ ಬರೆಯುವುದು. ಎರಡಕ್ಕೂ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡಾಕ್ಟರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಹಾಗಂತ ಟೇಪ್ ಕಡಿಮೆ ತೋರಿಸಿತು ಅಂತ ನೋವಿರುವ ಮೀನಖಂಡವನ್ನು ಬಿಡುವಂತಿಲ್ಲ. ಹೆಪ್ಪು ಇದೆಯೋ ಇಲ್ಲವೋ ಹೇಳುವುದು ಡಾಪ್ಲರ್ ಸ್ಕ್ಯಾನ್, ಟೇಪ್ ಅಲ್ಲ.

ಕೊನೆಗೆ ಕೆಂಪು ಪೆನ್ನಿನಲ್ಲಿ: ಇದ್ದಕ್ಕಿದ್ದಂತೆ ಉಸಿರಾಟ ಕಷ್ಟ, ಎದೆ ನೋವು, ಕೆಮ್ಮಿದರೆ ರಕ್ತ, ತಲೆ ಸುತ್ತಿ ಬೀಳುವುದು. ಇಲ್ಲಿ ಸರ್ಜನ್‌ಗೆ ಫೋನ್ ಮಾಡುತ್ತಾ ಕೂರುವುದಲ್ಲ. 108, ಹತ್ತಿರದ ದೊಡ್ಡ ಆಸ್ಪತ್ರೆ, ಅಲ್ಲಿಂದ ಫೋನ್.

17ನೇ ದಿನ

ಶುಕ್ರವಾರ ಬೆಳಿಗ್ಗೆ ಅಮ್ಮನ ನೈಟಿಯಲ್ಲಿ ಮಂಡಿಯ ಜಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಕಲೆ. ತಿಳಿ ಹಳದಿ, ನಡುವೆ ಸ್ವಲ್ಪ ಕೆಂಪು. ಪಿನ್ ತೆಗೆದು ಮೂರು ದಿನವಾಗಿತ್ತು. ಜ್ವರ ಇಲ್ಲ, ನೋವು ಹೆಚ್ಚಿಲ್ಲ. ಗಾಯದ ಕೆಳತುದಿಯಲ್ಲಿ ಅಕ್ಕಿಕಾಳಿನಷ್ಟು ಚರ್ಮ ಬಿಟ್ಟುಕೊಂಡಂತೆ ಕಾಣುತ್ತಿತ್ತು. ಮಗ ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ವಿಷಯ ಹೇಳಿದರು. ಅಂಗಡಿಯವರು ಐದು ದಿನದ ಆಂಟಿಬಯಾಟಿಕ್ ತೆಗೆದುಕೊಟ್ಟರು. ಸೊಸೆ ಕಾಗದ ನೋಡಿ ನನಗೂ ಆಸ್ಪತ್ರೆಗೂ ಫೋನ್ ಮಾಡಿದರು. ಮಾತ್ರೆ ಕೊಡಲಿಲ್ಲ.

ಈ ಒಂದು ಕಡೆ ನಾನು ತುಂಬಾ ಗಟ್ಟಿ. ಕಾಲಿಗೆ ಚುಚ್ಚಿದ ಮುಳ್ಳಿಗೆ ಅಂಗಡಿ ಆಂಟಿಬಯಾಟಿಕ್ ನುಂಗುವುದೇ ಸರಿಯಲ್ಲ, ಬದಲಿ ಮಂಡಿಗೆ ಅದು ಅಪಾಯ. ಒಳಗಿರುವುದು ಲೋಹ ಮತ್ತು ಪ್ಲಾಸ್ಟಿಕ್. ಅದರ ಮೇಲೆ ಕೂತ ಸೂಕ್ಷ್ಮಾಣು ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಆಮೇಲೆ ಮಾತ್ರೆ ಅದಕ್ಕೆ ಮುಟ್ಟುವುದಿಲ್ಲ. ಸೋಂಕು ಒಳಗಿಳಿದಿದೆ ಎಂದು ಮೊದಲ ಕೆಲವು ವಾರದಲ್ಲೇ ಗೊತ್ತಾದರೆ, ಮಂಡಿ ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡು ಬದಲಿಸಿ, ಲೋಹದ ಭಾಗ ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ತಡವಾದರೆ ಎಲ್ಲವನ್ನೂ ತೆಗೆಯಬೇಕಾಗಬಹುದು. ಅರೆಬರೆ ಮಾತ್ರೆ ನುಂಗಿದರೆ ಎರಡು ಹಾನಿ. ಹೊರಗಿನ ಗುರುತು ಅಡಗಿ ದಿನ ಹಾಳಾಗುತ್ತದೆ. ಮಂಡಿಯ ನೀರು ತೆಗೆದು ಲ್ಯಾಬಿಗೆ ಕಳಿಸಿದಾಗ ಯಾವ ಸೂಕ್ಷ್ಮಾಣು ಎಂಬುದೂ ಸಿಗದೇ ಹೋಗಬಹುದು.

ಆಸ್ಪತ್ರೆಗೆ ಕಳಿಸಿದ್ದು ಗಾಯದ ಎರಡು ಫೋಟೋ, ಒಂದು ಹತ್ತಿರದಿಂದ, ಒಂದು ಇಡೀ ಮಂಡಿಯದು. ಜೊತೆಗೆ ಜ್ವರದ ಅಂಕಿ 98.8, ಬೆಳಗಿನ ಸಕ್ಕರೆ 204. ಫೋಟೋ ನೋಡಿ "ಇವತ್ತೇ ಕರೆದುಕೊಂಡು ಬನ್ನಿ" ಎಂದರು. ಮಧ್ಯಾಹ್ನ ಸರ್ಜನ್ ನೋಡಿದರು. ಚರ್ಮದ ಮೇಲ್ಪದರ ಮಾತ್ರ ಬಿಟ್ಟಿದೆ, ಒಳಗೆ ದಾರಿಯಿಲ್ಲ, ಮಂಡಿ ತುಂಬಿಕೊಂಡಿಲ್ಲ ಎಂದರು. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ನೋಡಿದರು. ಆಪರೇಷನ್ ಆದ ಮೂರನೇ ವಾರಕ್ಕೆ ಅದು ಸ್ವಲ್ಪ ಹೆಚ್ಚಿರುವುದು ಸಾಮಾನ್ಯ, ಹಾಗಾಗಿ ಒಂದು ಅಂಕಿಗಿಂತ ಅದು ಇಳಿಯುತ್ತಿದೆಯಾ ಎಂಬುದು ಮುಖ್ಯ. ಸೋಮವಾರ ಮತ್ತೆ ನೋಡಿದಾಗ ಇಳಿದಿತ್ತು, ಗಾಯವೂ ಒಣಗಿತ್ತು. ಆಂಟಿಬಯಾಟಿಕ್ ಬೇಕಾಗಲಿಲ್ಲ. ಸಕ್ಕರೆಗೆ ಮಾತ್ರೆ ಬದಲಾಯಿತು. ಸಕ್ಕರೆ 200 ದಾಟಿದ್ದರೆ ಚರ್ಮ ಕೂಡಿಕೊಳ್ಳುವುದು ನಿಧಾನ. ನೋಡಲು ಬಂದವರು ತಂದ ಬಾಳೆಹಣ್ಣು, ಸಿಹಿಯ ಲೆಕ್ಕ ಆಗ ಹೊರಬಂತು.

ಪಟ್ಟಿಯ ಮೂರು ಭಾಗ ಆ ದಿನ ಕೆಲಸಕ್ಕೆ ಬಂತು. ತಾರೀಖಿನ ಭಾಗದಲ್ಲಿ ಸ್ನಾನ ಮುಂದಕ್ಕೆ ಹೋಯಿತು. ಕಾಲಿನ ಭಾಗದಲ್ಲಿ ಜೋರಾಗಿ ಬಗ್ಗಿಸುವುದು ಸೋಮವಾರದವರೆಗೆ ನಿಂತಿತು, ಬಗ್ಗಿಸಿದಾಗ ಗಾಯದ ಕೆಳತುದಿಯೇ ಎಳೆಯುತ್ತದೆ. ತೊಡೆ ಬಿಗಿ ಮಾಡುವುದು, ಪಾದ ಆಡಿಸುವುದು, ಟವೆಲ್ ಮೇಲಿನ ಹಿಮ್ಮಡಿ ಎಂದಿನಂತೆ ನಡೆದವು. ಎಲ್ಲವನ್ನೂ ನಿಲ್ಲಿಸಿ ಮಲಗಿಬಿಟ್ಟಿದ್ದರೆ ನೇರವಾಗುವುದರಲ್ಲಿ ಗಳಿಸಿದ್ದು ಹೋಗುತ್ತಿತ್ತು.

ನಾಲ್ಕರಿಂದ ಆರನೇ ವಾರ

ಇಲ್ಲಿ ಹೇಳುವುದು ಕಡಿಮೆ. ನಾಲ್ಕನೇ ವಾರದ ನಡುವೆ ಹಿಮ್ಮಡಿ ಸೀಮೆಸುಣ್ಣದ ಗೆರೆ ದಾಟಿತು, ಕಾಲು ಕುಸಿಯದೆ ಎತ್ತುವುದೂ ಬಂತು. ಆಗ ನಿಂತು ಮಾಡುವವು ಶುರು: ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ಆಮೇಲೆ ಜಗುಲಿಯ ಒಂದೇ ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ವಾಕರ್ ಬಿಟ್ಟು ಕೋಲು ಬಂದದ್ದು ಐದನೇ ವಾರ. ಕೋಲು ಎಡಗೈಯಲ್ಲಿ. ಅಮ್ಮ ಒಂದು ವಾರ ಪೂರ್ತಿ ನೋಯುವ ಕಾಲಿನ ಕಡೆಗೇ ಹಿಡಿಯುತ್ತಿದ್ದರು, ಎಲ್ಲರೂ ಹಾಗೇ ಮಾಡುತ್ತಾರೆ. ಎದುರು ಕೈಯಲ್ಲಿ ಹಿಡಿದರೆ ಮೈ ಆಪರೇಷನ್ ಕಾಲಿನ ಕಡೆಗೆ ವಾಲುವುದಿಲ್ಲ, ಕುಂಟೂ ಕಡಿಮೆ.

ಒಂದು ಸಲ ಹಿಂದೆ ಬಿದ್ದೆವು. ಮನೆಯಲ್ಲಿ ಕಾರ್ಯವಿತ್ತು, ಅಮ್ಮ ದಿನವಿಡೀ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂತಿದ್ದರು. ಸಂಜೆಗೆ ಮಂಡಿ ಹಲಸಿನ ಕಾಯಂತೆ ಊದಿತು, ಸೊಸೆ ಹೆದರಿದರು. ಟೇಪ್ ಹಿಡಿದಾಗ ಮೀನಖಂಡ ಹೆಚ್ಚಿರಲಿಲ್ಲ, ಒತ್ತಿದರೆ ನೋವಿಲ್ಲ, ಬಾವು ಮಂಡಿಯ ಸುತ್ತ ಮಾತ್ರ. ಕಾಲು ಎತ್ತರಿಸಿ ಐಸ್ ಇಟ್ಟು ಬೆಳಿಗ್ಗೆ ನೋಡೋಣ ಎಂದೆ. ಬೆಳಿಗ್ಗೆಗೆ ಅರ್ಧ ಇಳಿದಿತ್ತು.

ಆರನೇ ವಾರದ ತಪಾಸಣೆಗೆ ಮಂಡಿ ಪೂರ್ತಿ ನೇರ, ಬಗ್ಗುವುದು 112. ಸರ್ಜನ್ ಎಕ್ಸ್‌ರೇ ನೋಡಿ ಸರಿಯಿದೆ ಎಂದರು. ಆರು ವಾರ ಕಳೆದರೂ 90 ದಾಟದಿದ್ದರೆ, ಅರಿವಳಿಕೆ ಕೊಟ್ಟು ಬಗ್ಗಿಸುವ ಮಾತು ಬರಬಹುದಿತ್ತು. ಅದಕ್ಕೆ ಕಾಲ ಮಿತಿ ಇದೆ, ತಿಂಗಳುಗಳು ಕಳೆದು ಒಳಗಿನ ಗಾಯದ ನಾರು ಗಟ್ಟಿಯಾದರೆ ಬಗ್ಗಿಸುವುದು ಕಷ್ಟ. ಹಾಗಾಗಿ ಸೀಮೆಸುಣ್ಣದ ಗುರುತು ಎರಡು ವಾರ ಒಂದೇ ಜಾಗದಲ್ಲಿ ನಿಂತರೆ ಆರನೇ ವಾರಕ್ಕೆ ಕಾಯದೆ ತಿಳಿಸಬೇಕು ಎಂದು ಹಾಳೆಯಲ್ಲಿ ಮೊದಲೇ ಬರೆದಿದ್ದೆವು.

ಅಮ್ಮನ ಪ್ರಶ್ನೆ ಒಂದೇ ಇತ್ತು: ದೇವರ ಮುಂದೆ ಚಕ್ಕಂಬಕ್ಕಳ ಹಾಕಿ ಕೂರಬಹುದಾ? ಸರ್ಜನ್ ಬೇಡ ಎಂದರು. ಕುಕ್ಕರಗಾಲಿನಲ್ಲಿ ಕೂರುವುದೂ ಬೇಡ. ದೇವರ ಕೋಣೆಗೆ ಎತ್ತರದ ಕುರ್ಚಿ ಹೋಯಿತು. ಸೊಸೆಯ ಪ್ರಶ್ನೆ ಹಲ್ಲಿನದು. ಅಮ್ಮನಿಗೆ ಒಂದು ದವಡೆ ಹಲ್ಲು ಕೀಳಿಸಬೇಕಿತ್ತು. ತುರ್ತಿಲ್ಲದಿದ್ದರೆ ಆಪರೇಷನ್ ಆಗಿ ಮೂರು ತಿಂಗಳಾಗಲಿ, ಹೋಗುವ ಮುಂಚೆ ನನಗೆ ಫೋನ್ ಮಾಡಿ, ಹಲ್ಲಿನ ಡಾಕ್ಟರಿಗೆ ಮಂಡಿ ವಿಷಯ ಹೇಳಿ ಎಂದರು ಸರ್ಜನ್. ಬಾಯಿಯಲ್ಲಿ ಕೀವು ಅಥವಾ ಬಾವು ಕಂಡರೆ ಮಾತ್ರ ಮೂರು ತಿಂಗಳು ಕಾಯಬಾರದು, ಬಾಯಿಯ ಸೋಂಕು ರಕ್ತದ ಮೂಲಕ ಮಂಡಿಗೆ ತಲುಪಬಹುದು. ಸೊಸೆ ಆ ತಾರೀಖನ್ನು ಮೊದಲ ಭಾಗದಲ್ಲೂ, ಕೀವಿನ ಮಾತನ್ನು ಮಂಚದ ಪಕ್ಕದ ಕಾಗದದಲ್ಲೂ ಸೇರಿಸಿದರು.